ರಾಮನಗರದ ಬಂಡೆಯನ್ನು ಹಿಡಿದು ಶಿಲಾಚಕ್ರದ ವರ್ಕ್‌ಶೀಟ್ ಮಾಡುವುದು ಹೇಗೆ?

ಶಿಲಾಚಕ್ರದ ವರ್ಕ್‌ಶೀಟ್ ಅಂದರೆ ಸಾಮಾನ್ಯವಾಗಿ ಒಂದು ವೃತ್ತ, ಅದರ ಮೇಲೆ ಮೂರು ಡಬ್ಬಿ, ನಡುವೆ ಮೂರು ಬಾಣ. ಅಗ್ನಿಶಿಲೆ, ಕಣಶಿಲೆ, ರೂಪಾಂತರ ಶಿಲೆ ಅಂತ ತುಂಬಿದರೆ ಪೂರ್ಣ ಅಂಕ. ಆದರೆ ಅದೇ ವಿದ್ಯಾರ್ಥಿಯ ಕೈಗೆ ಒಂದು ಜಲ್ಲಿಕಲ್ಲು ಕೊಟ್ಟು ಇದು ಯಾವ ಡಬ್ಬಿಗೆ ಸೇರುತ್ತದೆ ಎಂದು ಕೇಳಿದರೆ ಉತ್ತರ ಬರುವುದಿಲ್ಲ. ವೃತ್ತ ನೋಡಿದವರಿಗೆ ಇನ್ನೊಂದು ತಪ್ಪು ತಿಳಿವಳಿಕೆಯೂ ಉಳಿದುಬಿಡುತ್ತದೆ. ಪ್ರತಿ ಕಲ್ಲೂ ಅದೇ ಕ್ರಮದಲ್ಲಿ, ಒಂದೇ ದಿಕ್ಕಿನಲ್ಲಿ ಸುತ್ತುತ್ತಲೇ ಇರುತ್ತದೆ ಎಂದುಕೊಳ್ಳುತ್ತಾರೆ.

ಹಾಗಾಗಿ ಚಕ್ರವನ್ನು ಕೊನೆಗೆ ಇಡಿ. ಮೊದಲು ಒಂದೇ ಒಂದು ಬಂಡೆಯನ್ನು ಹಿಡಿದುಕೊಂಡು ಅದಕ್ಕೆ ಏನಾಗುತ್ತದೆ ಅಂತ ಚಿತ್ರದಲ್ಲಿ ನೋಡುತ್ತಾ ಹೋಗಿ. ಇಲ್ಲಿ ನಾನು ತೆಗೆದುಕೊಂಡಿರುವುದು ರಾಮನಗರದ ಗ್ರಾನೈಟ್. ಎಂಟು, ಒಂಬತ್ತನೇ ತರಗತಿಗೆ ಹೊಂದುವ, ಎರಡು ಎ4 ಹಾಳೆಯ ನಾಲ್ಕು ಪುಟಗಳ ವರ್ಕ್‌ಶೀಟ್ ಇದು. ಎರಡು ಪೀರಿಯಡ್ ಬೇಕು.

ಮೊದಲ ಹೆಜ್ಜೆ: ಬಂಡೆಯ ಹಿನ್ನೆಲೆ ನಿಮಗೆ ಗೊತ್ತಿರಲಿ

ರಾಮನಗರದ ಗುಡ್ಡಗಳದ್ದು ಕ್ಲೋಸ್‌ಪೇಟೆ ಗ್ರಾನೈಟ್. ರಾಮನಗರದ ಹಳೆಯ ಹೆಸರೇ ಕ್ಲೋಸ್‌ಪೇಟೆ. ಸುಮಾರು 250 ಕೋಟಿ ವರ್ಷಗಳ ಹಿಂದೆ ನೆಲದಡಿ ಹಲವು ಕಿಲೋಮೀಟರ್ ಆಳದಲ್ಲಿ ಶಿಲಾಪಾಕ ನಿಧಾನವಾಗಿ ತಣಿದು ಗಟ್ಟಿಯಾದದ್ದು ಇದು. ನಿಧಾನವಾಗಿ ತಣಿದದ್ದರಿಂದ ಹರಳುಗಳಿಗೆ ದೊಡ್ಡದಾಗಿ ಬೆಳೆಯಲು ಸಮಯ ಸಿಕ್ಕಿತು. ಅದಕ್ಕೇ ಈ ಕಲ್ಲಿನ ಹರಳು ಬರಿಗಣ್ಣಿಗೇ ಕಾಣುತ್ತದೆ. ಗುಲಾಬಿ ಅಥವಾ ಬಿಳಿ ಬಣ್ಣದ, ಚಪ್ಪಟೆ ಮುಖಗಳಿರುವ ಹರಳು ಫೆಲ್ಡ್‌ಸ್ಪಾರ್. ಗಾಜಿನ ಚೂರಿನಂತೆ ಬೂದು ಬಣ್ಣಕ್ಕೆ ಕಾಣುವುದು ಬೆಣಚು. ಕಪ್ಪಗೆ ಮಿನುಗುವ ತೆಳು ಹಾಳೆಗಳು ಕಾಗೆಬಂಗಾರ, ಅಂದರೆ ಮೈಕಾ.

ಈ ಗ್ರಾನೈಟ್ ಬರುವುದಕ್ಕೂ ಮೊದಲೇ ಇಲ್ಲಿ ಬೇರೆ ಕಲ್ಲು ಇತ್ತು. ಬೆಂಗಳೂರಿನ ಲಾಲ್‌ಬಾಗ್ ಗುಡ್ಡದಲ್ಲಿ ಕಾಣುವ, ಸುಮಾರು 300 ಕೋಟಿ ವರ್ಷದ ನೈಸ್ ಎಂಬ ರೂಪಾಂತರ ಶಿಲೆ ಅದು. ಕ್ಲೋಸ್‌ಪೇಟೆಯ ಶಿಲಾಪಾಕ ಈ ಹಳೆಯ ನೈಸ್ ಒಳಗೇ ನುಗ್ಗಿ ಬಂದಿತು. ಗ್ರಾನೈಟ್ ಬಂಡೆಗಳ ನಡುವೆ ಅಲ್ಲಲ್ಲಿ ಹಳೆಯ ನೈಸ್ ತುಂಡುಗಳು ಸಿಕ್ಕಿಕೊಂಡಿರುವುದನ್ನು ಈಗಲೂ ನೋಡಬಹುದು. ಅಂದರೆ ನಮ್ಮ ಕಥೆ ಶುರುವಾಗುವ ಜಾಗದಲ್ಲೇ ಒಂದಕ್ಕಿಂತ ಹೆಚ್ಚು ಬಗೆಯ ಕಲ್ಲು ಇದೆ. ಅಗ್ನಿಶಿಲೆಯೇ ಎಲ್ಲಕ್ಕೂ ಮೊದಲು ಅನ್ನುವ ನಂಬಿಕೆಯನ್ನು ಸಡಿಲಿಸಲು ಇದೊಂದೇ ಉದಾಹರಣೆ ಸಾಕು.

ಎರಡನೇ ಹೆಜ್ಜೆ: ಮೂರು ಕಲ್ಲು, ಮೂರು ವೃತ್ತ

ಮೊದಲ ಪುಟದಲ್ಲಿ ಒಂದು ಬಳೆ ಇಟ್ಟು ಮೂರು ವೃತ್ತ ಎಳೆಯಿರಿ. ಲೆನ್ಸಿನೊಳಗೆ ಕಲ್ಲು ಹೇಗೆ ಕಾಣುತ್ತದೋ ಹಾಗೆ ಒಳಗೆ ಬರೆಯಬೇಕು.

ಮೊದಲ ವೃತ್ತ ಗ್ರಾನೈಟ್. ಬೇರೆ ಬೇರೆ ಆಕಾರದ, ಮೂಲೆಗಳಿರುವ ತುಂಡುಗಳನ್ನು ಒಂದಕ್ಕೊಂದು ಬೆಸೆದುಕೊಂಡಂತೆ ಬರೆಯಿರಿ. ನಡುವೆ ಒಂದು ಚೂರೂ ಖಾಲಿ ಜಾಗ ಇರಬಾರದು. ಕರಗಿದ ದ್ರವ ತಣಿಯುವಾಗ ಒಂದು ಹರಳು ಇನ್ನೊಂದಕ್ಕೆ ಒತ್ತಿಕೊಂಡೇ ಬೆಳೆಯುತ್ತದೆ, ಹಾಗಾಗಿ ಸಂದಿ ಉಳಿಯುವುದಿಲ್ಲ.

ಎರಡನೆಯದು ಮರಳುಗಲ್ಲು. ಸಾಲು ಸಾಲಾಗಿ ಉರುಟಾದ ಕಾಳುಗಳು, ಅವುಗಳ ನಡುವೆ ಸಣ್ಣ ಸಣ್ಣ ಸಂದಿ, ಸಂದಿಯಲ್ಲಿ ಚುಕ್ಕಿ. ಆ ಚುಕ್ಕಿ ಅಂದರೆ ಕಾಳುಗಳನ್ನು ಹಿಡಿದಿಟ್ಟಿರುವ ಅಂಟು. ಸಿಲಿಕಾ, ಸುಣ್ಣ ಅಥವಾ ಕಬ್ಬಿಣದ ಆಕ್ಸೈಡ್ ಆ ಕೆಲಸ ಮಾಡುತ್ತದೆ. ಬಾದಾಮಿಯ ಕಲ್ಲಿಗೆ ಕೆಂಪು ಬಂದಿರುವುದು ಕಬ್ಬಿಣದಿಂದಲೇ.

ಮೂರನೆಯದು ನೈಸ್. ಇಲ್ಲೂ ಹರಳುಗಳು ಬೆಸೆದುಕೊಂಡಿರುತ್ತವೆ, ಆದರೆ ತಿಳಿ ಪಟ್ಟಿ, ಕಪ್ಪು ಪಟ್ಟಿ ಎಂದು ಸಾಲಾಗಿ ಜೋಡಣೆಯಾಗಿರುತ್ತವೆ. ಪಟ್ಟಿಗಳನ್ನು ನೇರ ಗೆರೆಯಲ್ಲಿ ಬರೆಯಬೇಡಿ, ಸ್ವಲ್ಪ ಬಳುಕಿಸಿ. ನೇರವಾಗಿ ಬರೆದರೆ ಮಕ್ಕಳು ಅದನ್ನು ಕಣಶಿಲೆಯ ಪದರ ಅಂದುಕೊಳ್ಳುತ್ತಾರೆ. ಈ ಗೊಂದಲ ತುಂಬಾ ಜಾಸ್ತಿ, ಅದಕ್ಕಾಗಿ ಒಂದು ಪ್ರಶ್ನೆ ಇರಲೇಬೇಕು: "ಎರಡನೇ ಮತ್ತು ಮೂರನೇ ಕಲ್ಲಿನಲ್ಲಿ ಸಾಲುಗಳಿವೆ. ಕಾಳುಗಳ ನಡುವೆ ಸಂದಿ ಇರುವುದು ಯಾವುದರಲ್ಲಿ? ಅದರಿಂದ ನಿಮಗೆ ಏನು ತಿಳಿಯಿತು?"

ಚಿತ್ರದಲ್ಲಿ ಪೆನ್ಸಿಲ್ ಶೇಡ್ ಬೇಡ. ಜೆರಾಕ್ಸ್ ಆದಾಗ ಶೇಡ್ ಪೂರ್ತಿ ಕಪ್ಪಾಗುತ್ತದೆ, ಇಲ್ಲವೇ ಮಾಯವಾಗುತ್ತದೆ. ಕಪ್ಪು ಪೆನ್ನಿನ ಗೆರೆ, ಚುಕ್ಕಿ, ಅಡ್ಡಗೀಟು ಈ ಮೂರರಲ್ಲೇ ಎಲ್ಲ ತೋರಿಸಬಹುದು. ಬೆಣಚಿಗೆ ಖಾಲಿ ಬಿಡಿ, ಫೆಲ್ಡ್‌ಸ್ಪಾರಿಗೆ ಅಡ್ಡಗೀಟು, ಕಾಗೆಬಂಗಾರಕ್ಕೆ ಪೂರ್ತಿ ಕಪ್ಪು. ಈ ಗುರುತುಗಳನ್ನು ಕೊನೆಯ ಪುಟದವರೆಗೂ ಬದಲಿಸಬೇಡಿ, ಏಕೆಂದರೆ ಮುಂದಿನ ಚಿತ್ರಗಳಲ್ಲಿ ಒಂದೊಂದು ಹರಳು ಎಲ್ಲಿಗೆ ಹೋಯಿತು ಎಂದು ಹುಡುಕಬೇಕಾಗುತ್ತದೆ.

ನಿಜವಾದ ಕಲ್ಲುಗಳನ್ನೂ ಮೇಜಿನ ಮೇಲಿಡಿ. ಇಲ್ಲೊಂದು ಎಚ್ಚರಿಕೆ. ಅಡುಗೆಮನೆಯ ಕಟ್ಟೆಗೆ ಹಾಕುವ "ಕಪ್ಪು ಗ್ರಾನೈಟ್" ಹೆಚ್ಚಾಗಿ ಗ್ರಾನೈಟೇ ಅಲ್ಲ, ಡಾಲರೈಟ್ ಅಥವಾ ಗ್ಯಾಬ್ರೋ. ಅಗ್ನಿಶಿಲೆ ಹೌದು, ಆದರೆ ಅದರಲ್ಲಿ ಗುಲಾಬಿ ಫೆಲ್ಡ್‌ಸ್ಪಾರ್ ಹುಡುಕಿದರೆ ಸಿಗುವುದಿಲ್ಲ. ಕಪಾಟಿಗೆ ಹಾಕುವ ಕಪ್ಪು ಕಡಪ ಕಲ್ಲು ಸುಣ್ಣದಕಲ್ಲು, ಅಂದರೆ ಕಣಶಿಲೆ. ಅಂಗಡಿಯವರು ಹೇಳುವ ಹೆಸರನ್ನು ಹಾಗೇ ಬರೆದುಕೊಂಡರೆ ಉತ್ತರಗಳೆಲ್ಲ ತಲೆಕೆಳಗಾಗುತ್ತವೆ.

ಸುಣ್ಣದಕಲ್ಲನ್ನು ಗುರುತಿಸಲು ನಿಂಬೆರಸ ಸಾಕು. ಶಹಾಬಾದ್ ಕಲ್ಲಿನ ತುಂಡನ್ನು ಮೊಳೆಯಿಂದ ಗೀರಿ ಸ್ವಲ್ಪ ಪುಡಿ ಬರಿಸಿ, ಆ ಪುಡಿಯ ಮೇಲೆ ರಸ ಹಿಂಡಿ. ಸಣ್ಣ ಗುಳ್ಳೆಗಳು ಏಳುತ್ತವೆ. ಪುಡಿ ಮಾಡದೆ ಕಲ್ಲಿನ ಮೇಲೇ ಹಾಕಿದರೆ ಗುಳ್ಳೆ ಎಷ್ಟು ನಿಧಾನ ಅಂದರೆ ಕಾಣಿಸುವುದೇ ಕಷ್ಟ. ಶಾಲೆಯ ಸೀಮೆಸುಣ್ಣದಲ್ಲಿ ಪ್ರಯತ್ನಿಸಬೇಡಿ. ಅದನ್ನು ಹೆಚ್ಚಾಗಿ ಜಿಪ್ಸಂನಿಂದ ಮಾಡುತ್ತಾರೆ, ಗುಳ್ಳೆ ಬರುವುದಿಲ್ಲ.

ಮೂರನೇ ಹೆಜ್ಜೆ: ಶಿಥಿಲೀಕರಣದ ಪುಟ

ಹೆಚ್ಚು ಜಾಗ, ಹೆಚ್ಚು ಸಮಯ ಬೇಕಾಗುವುದು ಈ ಪುಟಕ್ಕೆ. ಚಕ್ರದ ಮಿಕ್ಕ ಕೆಲಸಗಳಲ್ಲಿ ಹೆಚ್ಚಿನವು ನೆಲದಡಿ ನಡೆಯುತ್ತವೆ. ಶಿಥಿಲೀಕರಣವನ್ನು ಮಾತ್ರ ಮಕ್ಕಳು ಊರಿನ ಗುಡ್ಡದಲ್ಲೇ ನೋಡಬಹುದು.

ಪಠ್ಯಗಳಲ್ಲಿ ಮೊದಲು ಬರುವ ಚಿತ್ರ ಬಿರುಕಿನಲ್ಲಿ ನೀರು ಹೆಪ್ಪುಗಟ್ಟಿ ಕಲ್ಲು ಸೀಳುವುದು. ನೀರು ಹೆಪ್ಪುಗಟ್ಟಿದಾಗ ಸುಮಾರು 9 ಶೇಕಡ ಹಿಗ್ಗುತ್ತದೆ, ಅದು ಸರಿಯೇ. ಆದರೆ ಅದು ಹಿಮಾಲಯದ ಕೆಲಸ. ರಾಮನಗರದಲ್ಲಿ ನೀರು ಹೆಪ್ಪುಗಟ್ಟುವುದಿಲ್ಲ, ಆದರೂ ಬಂಡೆ ಒಡೆಯುತ್ತಲೇ ಇದೆ ಅಲ್ವಾ? ಹೇಗೆ ಎಂದು ಈ ನಾಲ್ಕು ಚಿತ್ರಗಳಲ್ಲಿ ತೋರಿಸಿ.

ಮೊದಲ ಚಿತ್ರ, ಸಿಪ್ಪೆ ಏಳುವುದು. ಗುಡ್ಡವನ್ನು ಒಂದು ಕಮಾನಿನಂತೆ ಬರೆದು, ಅದರ ಮೇಲ್ಮೈಗೆ ಸಮನಾಗಿ ಒಳಗೆ ಎರಡು ಮೂರು ಕಮಾನು ಗೆರೆ ಎಳೆಯಿರಿ. ಒಂದು ಬದಿಯಲ್ಲಿ ಹೊರಗಿನ ಪದರ ಮುರಿದು ಜಾರಿದಂತೆ ತೋರಿಸಿ. ಈ ಗ್ರಾನೈಟ್ ಹುಟ್ಟಿದಾಗ ಮೇಲೆ ಕಿಲೋಮೀಟರ್‌ಗಟ್ಟಲೆ ಕಲ್ಲಿನ ಭಾರವಿತ್ತು. ಆ ಭಾರ ಸವೆದು ಹೋದಂತೆ ಬಂಡೆ ಮೇಲ್ಮುಖವಾಗಿ ಹಿಗ್ಗಿತು, ಮೇಲ್ಮೈಗೆ ಸಮನಾಗಿ ಬಿರುಕು ಬಿಟ್ಟಿತು. ಈರುಳ್ಳಿ ಸಿಪ್ಪೆಯಂತೆ ಪದರ ಪದರವಾಗಿ ಕಳಚುತ್ತದೆ.

ಎರಡನೇ ಚಿತ್ರ, ಬೇರು. ಬಿರುಕಿನಲ್ಲಿ ಒಂದು ಅರಳಿ ಗಿಡ, ಬೇರು ದಪ್ಪವಾದಷ್ಟೂ ಅಗಲವಾಗುತ್ತಾ ಹೋಗುವ ಬಿರುಕು. ಇದಕ್ಕೆ ವಿವರಣೆ ಬೇಡ, ನೋಡಿದರೆ ತಿಳಿಯುತ್ತದೆ.

ಮೂರನೇ ಚಿತ್ರ ಕೊಳೆಯುವ ಹರಳು. ಮೊದಲ ಪುಟದ ಗ್ರಾನೈಟ್ ವೃತ್ತವನ್ನೇ ಮತ್ತೆ ಬರೆಯಿರಿ, ಆದರೆ ಈ ಸಲ ಅಡ್ಡಗೀಟಿನ ಹರಳುಗಳ ಅಂಚನ್ನು ಚುಕ್ಕಿ ಚುಕ್ಕಿಯಾಗಿ ಕರಗಿಸಿ. ಮಳೆನೀರು ಗಾಳಿಯಿಂದ ಮತ್ತು ಮಣ್ಣಿನಿಂದ ಇಂಗಾಲದ ಡೈಆಕ್ಸೈಡ್ ಹೀರಿ ಸ್ವಲ್ಪ ಹುಳಿಯಾಗುತ್ತದೆ. ಆ ನೀರು ಫೆಲ್ಡ್‌ಸ್ಪಾರನ್ನು ಜೇಡಿಯನ್ನಾಗಿ ಮಾಡುತ್ತದೆ. ಬೆಣಚಿಗೆ ಹೆಚ್ಚೇನೂ ಆಗುವುದಿಲ್ಲ. ಹಿಡಿದಿಟ್ಟುಕೊಂಡಿದ್ದ ನೆರೆಯ ಹರಳು ಮೆತ್ತಗಾದ ಮೇಲೆ ಬೆಣಚು ಸುಮ್ನೆ ಉದುರುತ್ತದೆ. ಗಟ್ಟಿ ಬಂಡೆ ಕೈಯಲ್ಲಿ ಹಿಸುಕಿದರೆ ಪುಡಿಯಾಗುವ ಗರಸಾಗುವುದು ಹೀಗೆ.

ಈ ಚಿತ್ರದ ಪಕ್ಕದಲ್ಲೇ ಒಂದು ಬಾವಿಯ ಗೋಡೆ ಬರೆಯಿರಿ. ಮೇಲೆ ಮಣ್ಣು, ಅದರಡಿ ಗರಸು, ಅದರಡಿ ಬಿರುಕು ಬಿಟ್ಟ ಕಲ್ಲು, ತಳದಲ್ಲಿ ಗಟ್ಟಿ ಬಂಡೆ. ಅದರ ಕೆಳಗೆ ಮನೆಗೆಲಸದ ಪ್ರಶ್ನೆ: "ನಿಮ್ಮ ಮನೆ ಅಥವಾ ಪಕ್ಕದವರ ಬೋರ್‌ವೆಲ್‌ಗೆ ಎಷ್ಟು ಅಡಿ ಕೇಸಿಂಗ್ ಪೈಪ್ ಇಳಿಸಿದರು? ಕೇಳಿಕೊಂಡು ಬನ್ನಿ." ಕುಸಿಯುವ ಮಣ್ಣು, ಗರಸು ಇರುವವರೆಗೆ ಮಾತ್ರ ಕೇಸಿಂಗ್ ಹಾಕುತ್ತಾರೆ. ಗಟ್ಟಿ ಕಲ್ಲು ಸಿಕ್ಕಿದ ಮೇಲೆ ಅದರ ಅಗತ್ಯವಿಲ್ಲ. ಅಂದರೆ ಆ ಅಡಿಲೆಕ್ಕ ನಿಮ್ಮೂರಲ್ಲಿ ಶಿಥಿಲೀಕರಣ ಎಷ್ಟು ಆಳಕ್ಕೆ ಇಳಿದಿದೆ ಎಂಬುದರ ಅಂದಾಜು ಅಳತೆ. ಅದೇ ಬೀದಿಯಲ್ಲಿ ಒಬ್ಬರಿಗೆ ಕಡಿಮೆ, ಇನ್ನೊಬ್ಬರಿಗೆ ಜಾಸ್ತಿ ಬರಬಹುದು. ಅದು ತಪ್ಪಲ್ಲ. ಬಿರುಕು ಹೆಚ್ಚಿರುವ ಕಡೆ ನೀರು ಆಳಕ್ಕೆ ಇಳಿದು ಅಲ್ಲಿ ಕಲ್ಲು ಹೆಚ್ಚು ಕೊಳೆತಿರುತ್ತದೆ.

ನಾಲ್ಕನೇ ಚಿತ್ರ ಒಂದು ಘನ. ರಾಮನಗರದ ಗುಂಡುಬಂಡೆಗಳನ್ನು ನೀರು ಉರುಳಿಸಿ ತಂದು ನುಣುಪು ಮಾಡಿತು ಎಂದು ಬಹಳಷ್ಟು ಮಕ್ಕಳು ಬರೆಯುತ್ತಾರೆ. ನಿಜವಾಗಿ ಅವು ಇದ್ದ ಜಾಗದಲ್ಲೇ ಗುಂಡಾದವು. ಬಿರುಕುಗಳು ಬಂಡೆಯನ್ನು ಪೆಟ್ಟಿಗೆಯಾಕಾರದ ತುಂಡುಗಳಾಗಿ ಸೀಳುತ್ತವೆ. ಆ ಪೆಟ್ಟಿಗೆಯ ಮೂಲೆಗೆ ಮೂರು ಕಡೆಯಿಂದ ನೀರು ತಾಗುತ್ತದೆ, ಅಂಚಿಗೆ ಎರಡು ಕಡೆಯಿಂದ, ಮುಖದ ನಡುಭಾಗಕ್ಕೆ ಒಂದೇ ಕಡೆಯಿಂದ. ಹಾಗಾಗಿ ಮೊದಲು ಮೂಲೆ ಹೋಗುತ್ತದೆ, ಆಮೇಲೆ ಅಂಚು, ಕೊನೆಗೆ ಗುಂಡು ಉಳಿಯುತ್ತದೆ. ಒಂದು ಘನ ಬರೆದು ಮೂಲೆಗೆ ಮೂರು ಬಾಣ, ಅಂಚಿಗೆ ಎರಡು, ಮುಖಕ್ಕೆ ಒಂದು ಹಾಕಿದರೆ ಮುಗಿಯಿತು.

ಇದೇ ಘನದ ಮೇಲೆ ಒಂದು ಲೆಕ್ಕ ಕೊಡಿ. 10 ಸೆಂಟಿಮೀಟರ್ ಬದಿಯ ಕಲ್ಲಿನ ಘನಕ್ಕೆ ಆರು ಮುಖ, ಒಟ್ಟು ಮೇಲ್ಮೈ 600 ಚದರ ಸೆಂಟಿಮೀಟರ್. ಅದನ್ನು 5 ಸೆಂಟಿಮೀಟರ್ ಬದಿಯ 8 ಘನಗಳಾಗಿ ಸೀಳಿದರೆ ಪ್ರತಿಯೊಂದಕ್ಕೂ 150, ಒಟ್ಟು 1200. ಇನ್ನೊಮ್ಮೆ ಅರ್ಧಕ್ಕೆ ಸೀಳಿ 64 ಘನ ಮಾಡಿದರೆ 2400. ಕಲ್ಲು ಅಷ್ಟೇ ಇದೆ, ಆದರೆ ನೀರಿಗೆ ಸಿಗುವ ಮೇಲ್ಮೈ ಪ್ರತಿ ಸಲ ಎರಡು ಪಟ್ಟಾಗುತ್ತದೆ. ಬಿರುಕು ಬಿಟ್ಟಷ್ಟೂ ಕೊಳೆಯುವುದು ಏಕೆ ವೇಗವಾಗುತ್ತದೆ ಎಂಬುದು ಈ ಮೂರು ಸಂಖ್ಯೆಗಳಲ್ಲೇ ಇದೆ. ಭೌತಿಕ ಮತ್ತು ರಾಸಾಯನಿಕ ಶಿಥಿಲೀಕರಣವನ್ನು ಎರಡು ಪಟ್ಟಿಗಳಾಗಿ ಬರೆಸಿದರೆ ಒಂದು ಇನ್ನೊಂದಕ್ಕೆ ದಾರಿ ಮಾಡಿಕೊಡುತ್ತದೆ ಎಂಬುದು ತಪ್ಪಿಹೋಗುತ್ತದೆ. ಈ ಲೆಕ್ಕ ಅದನ್ನು ತೋರಿಸುತ್ತದೆ.

ನಾಲ್ಕನೇ ಹೆಜ್ಜೆ: ನದಿಯ ಪಟ್ಟಿ

ಮೂರನೇ ಪುಟವನ್ನು ಅಡ್ಡಲಾಗಿ ತಿರುಗಿಸಿ, ಎಡಗಡೆ ಗುಡ್ಡ, ಬಲಗಡೆ ಸಮುದ್ರ ಬರೆಯಿರಿ. ನಡುವೆ ಇಳಿಜಾರಿನ ಒಂದು ಗೆರೆ. ರಾಮನಗರದ ನೀರು ಅರ್ಕಾವತಿಗೆ ಇಳಿಯುತ್ತದೆ. ಅರ್ಕಾವತಿ ಕನಕಪುರ ತಾಲ್ಲೂಕಿನ ಸಂಗಮದಲ್ಲಿ ಕಾವೇರಿ ಸೇರುತ್ತದೆ. ಅಲ್ಲಿಂದ ಮೇಕೆದಾಟು, ಹೊಗೇನಕಲ್, ಮೆಟ್ಟೂರು, ಕೊನೆಗೆ ಬಂಗಾಳ ಕೊಲ್ಲಿ.

ಗುಡ್ಡದ ಬುಡದಲ್ಲಿ ಮೂರು ಬಗೆಯ ಹರಳುಗಳ ಗುರುತು ಹಾಕಿಕೊಡಿ. ಯಾವುದು ಎಲ್ಲಿಯವರೆಗೆ ಹೋಗುತ್ತದೆ ಎಂದು ಮಕ್ಕಳೇ ಬರೆಯಲಿ. ಜೇಡಿಯಾದ ಫೆಲ್ಡ್‌ಸ್ಪಾರ್ ನೀರಲ್ಲಿ ತೇಲಿಕೊಂಡು ಬಹಳ ದೂರ ಹೋಗುತ್ತದೆ. ಮಳೆಗಾಲದ ಕೆಂಪು ನೀರಿನಲ್ಲಿರುವುದು ಹೆಚ್ಚಾಗಿ ಈ ಬಗೆಯ ಸಣ್ಣ ಕಣವೇ. ಬೆಣಚಿನ ಕಾಳು ಭಾರ, ತಳದಲ್ಲಿ ಉರುಳುತ್ತಾ, ಜಿಗಿಯುತ್ತಾ ಸಾಗುತ್ತದೆ, ನೀರಿನ ವೇಗ ತಗ್ಗಿದ ಕಡೆ ನಿಲ್ಲುತ್ತದೆ. ನದಿ ಮರಳಿನಲ್ಲಿ ಬೆಣಚೇ ಹೆಚ್ಚು ಯಾಕೆ ಎಂಬ ಪ್ರಶ್ನೆಗೆ ಇಲ್ಲಿ ಉತ್ತರ ತಾನಾಗಿ ಬರುತ್ತದೆ. ಗಟ್ಟಿಯಾದದ್ದು ಮಾತ್ರ ಉಳಿದಿದೆ.

ಮೆಟ್ಟೂರಿನ ಹತ್ತಿರ ಒಂದು ಅಡ್ಡಗೋಡೆ ಬರೆಯಲು ಮರೆಯಬೇಡಿ. 1934ರಲ್ಲಿ ಆ ಅಣೆಕಟ್ಟು ಮುಗಿದ ಮೇಲೆ ಕಾವೇರಿಯ ಮರಳು ಬಹುಪಾಲು ಅಲ್ಲೇ ಹಿಂದೆ ನಿಲ್ಲುತ್ತದೆ. ಅಷ್ಟೇ ಏಕೆ, ಅರ್ಕಾವತಿಯಲ್ಲೇ ಮಂಚನಬೆಲೆ, ಹಾರೋಬೆಲೆ ಜಲಾಶಯಗಳಿವೆ. "ಇವತ್ತು ಗುಡ್ಡದಿಂದ ಹೊರಟ ಕಾಳು ಸಮುದ್ರ ತಲುಪುತ್ತದೆಯೇ?" ಎಂದು ಕೇಳಿ. ಚಕ್ರದ ಬಾಣ ಮಧ್ಯದಲ್ಲಿ ದೀರ್ಘ ಕಾಲ ನಿಂತುಬಿಡಬಹುದು ಎಂಬುದು ಇದರಿಂದ ಗೊತ್ತಾಗುತ್ತದೆ.

ಒಂದು ಗೆರೆ ಮಾತ್ರ ಸ್ಪಷ್ಟವಾಗಿರಲಿ. ಗುಡ್ಡದ ಬುಡದವರೆಗೆ ಶಿಥಿಲೀಕರಣ, ಅಲ್ಲಿಂದಾಚೆ ಸವೆತ ಮತ್ತು ಸಾಗಣೆ. ಇದ್ದಲ್ಲೇ ಒಡೆದರೆ, ಕೊಳೆತರೆ ಮೊದಲನೆಯದು. ನೀರೋ ಗಾಳಿಯೋ ಎತ್ತಿಕೊಂಡು ಹೋದರೆ ಎರಡನೆಯದು. ಚಿತ್ರದ ಮೇಲೆ ಒಂದು ಕಡಿದ ಗೆರೆ ಎಳೆದು ಎರಡು ಬದಿಗೂ ಹೆಸರು ಬರೆಯಿಸಿ.

ಐದನೇ ಹೆಜ್ಜೆ: ಈಗ ಚಕ್ರ

ನಾಲ್ಕನೇ ಪುಟದಲ್ಲಿ ಐದು ಡಬ್ಬಿ ಹಾಕಿ: ಶಿಲಾಪಾಕ, ಅಗ್ನಿಶಿಲೆ, ಮರಳು ಮತ್ತು ಹೂಳು, ಕಣಶಿಲೆ, ರೂಪಾಂತರ ಶಿಲೆ. ಶಿಲಾಪಾಕ ಮತ್ತು ಹೂಳು ಕಲ್ಲುಗಳಲ್ಲ, ಅವನ್ನು ದುಂಡಗೆ ಬರೆಯಿರಿ. ಕಲ್ಲುಗಳಿಗೆ ಚೌಕ. ಬಾಣಗಳ ಮೇಲೆ ಏನೂ ಬರೆಯಬೇಡಿ, ಅದು ವಿದ್ಯಾರ್ಥಿಯ ಕೆಲಸ.

ನಮ್ಮ ಬಂಡೆಗೆ ಉತ್ತರ ಹೀಗೆ ಬರಬೇಕು. ಶಿಲಾಪಾಕ ತಣಿದು ಗ್ರಾನೈಟ್ ಆಯಿತು. ಗ್ರಾನೈಟ್ ಶಿಥಿಲವಾಗಿ, ಸವೆದು ಮರಳಾಯಿತು. ಮರಳು ಹೂತುಹೋಗಿ, ಒತ್ತಡದಿಂದ ಬಿಗಿದು, ಅಂಟು ಕಟ್ಟಿದರೆ ಮರಳುಗಲ್ಲು. ಅದು ಇನ್ನೂ ಆಳಕ್ಕೆ ಇಳಿದು, ಕರಗದೆಯೇ ಬಿಸಿ ಮತ್ತು ಒತ್ತಡಕ್ಕೆ ಸಿಕ್ಕಿದರೆ ಕ್ವಾರ್ಟ್ಸೈಟ್ ಎಂಬ ರೂಪಾಂತರ ಶಿಲೆ. ಇನ್ನೂ ಬಿಸಿಯಾಗಿ ಕರಗಿದರೆ ಮತ್ತೆ ಶಿಲಾಪಾಕ. ಗ್ರಾನೈಟ್, ನೈಸ್‌ಗಳಂಥ ಕಲ್ಲು ನೀರಿನ ಅಂಶವಿದ್ದರೆ ಸುಮಾರು 700 ಡಿಗ್ರಿ ಸೆಲ್ಸಿಯಸ್ ಹತ್ತಿರ ಕರಗಲು ಶುರುವಾಗುತ್ತದೆ. ಬರೀ ಬೆಣಚಿನ ಕ್ವಾರ್ಟ್ಸೈಟ್ ಕರಗಲು ಇನ್ನೂ ಬಹಳ ಹೆಚ್ಚು ಬಿಸಿ ಬೇಕು, ಅದಕ್ಕೇ ಆ ಕೊನೆಯ ಬಾಣ ಅಪರೂಪ.

ಇಲ್ಲಿ ಒಂದು ಕಡೆ "ಆಯಿತು", ಇನ್ನೊಂದು ಕಡೆ "ಕಟ್ಟಿದರೆ", "ಕರಗಿದರೆ" ಎಂದು ಬೇಕೆಂದೇ ಬಳಸಿದ್ದೇನೆ. ಮರಳಾಗುವವರೆಗಿನದು ರಾಮನಗರದಲ್ಲಿ ನಡೆದದ್ದು. ಅದರಾಚೆಯದು ಮುಂದೆ ನಡೆಯಬಹುದಾದದ್ದು. ಬಾದಾಮಿಯ ಕಲ್ಲನ್ನು ಉದಾಹರಣೆಯಾಗಿ ತೋರಿಸುವಾಗ ಅದು ರಾಮನಗರದ ಮರಳಿನಿಂದ ಆದದ್ದಲ್ಲ ಎಂದು ಬಾಯಿಬಿಟ್ಟು ಹೇಳಿ, ಇಲ್ಲದಿದ್ದರೆ ಮಕ್ಕಳು ಎರಡನ್ನೂ ಜೋಡಿಸಿಬಿಡುತ್ತಾರೆ.

ಆಮೇಲೆ ಅಡ್ಡದಾರಿಗಳು. ಚುಕ್ಕಿ ಗೆರೆಯಲ್ಲಿ ಇನ್ನೂ ಮೂರು ಬಾಣ ಸೇರಿಸಲು ಹೇಳಿ, ಪ್ರತಿಯೊಂದಕ್ಕೂ ಒಂದು ಸಾಕ್ಷಿ ಬರೆಯಬೇಕು. ಲಾಲ್‌ಬಾಗ್ ಗುಡ್ಡದ ನೈಸ್ ಕೊಳೆತು ಸುತ್ತ ಮಣ್ಣಾಗಿದೆ, ಅಂದರೆ ರೂಪಾಂತರ ಶಿಲೆಯಿಂದ ನೇರ ಹೂಳಿಗೆ ಬಾಣ. ಬಾದಾಮಿಯ ಬಂಡೆಯ ಕಾಲಬುಡದಲ್ಲಿ ಮತ್ತೆ ಮರಳು ಬೀಳುತ್ತದೆ, ಕಣಶಿಲೆಯಿಂದ ಹೂಳಿಗೆ ಬಾಣ. ಗ್ರಾನೈಟ್ ಮೇಲೆ ಬಾರದೆ ಆಳದಲ್ಲೇ ಒತ್ತಡಕ್ಕೆ ಸಿಕ್ಕರೆ ನೈಸ್ ಆಗಬಹುದು, ಅಗ್ನಿಶಿಲೆಯಿಂದ ನೇರ ರೂಪಾಂತರ ಶಿಲೆಗೆ ಬಾಣ. ಈ ಮೂರು ಚುಕ್ಕಿ ಬಾಣ ಬಿದ್ದ ಕ್ಷಣ ವೃತ್ತ ಹೋಗಿ ಬಲೆಯಂತಾಗುತ್ತದೆ.

ಉತ್ತರ ನೋಡುವಾಗ

ರೂಪಾಂತರ ಶಿಲೆಯ ಬಾಣದ ಮೇಲೆ "ಕರಗಿ" ಎಂದು ಬರೆದಿದ್ದರೆ ಅದೇ ದೊಡ್ಡ ತಪ್ಪು. ಕರಗಿದರೆ ಅದು ಶಿಲಾಪಾಕ, ಮತ್ತೆ ತಣಿದರೆ ಅಗ್ನಿಶಿಲೆ. ಅಂಥವರನ್ನು ಮೊದಲ ಪುಟದ ನೈಸ್ ವೃತ್ತಕ್ಕೆ ವಾಪಸ್ ಕಳಿಸಿ: ಕರಗಿದ್ದರೆ ಪಟ್ಟಿಗಳು ಉಳಿಯುತ್ತಿದ್ದವೇ?

ಮರಳುಗಲ್ಲಿನ ಚಿತ್ರದಲ್ಲಿ ಅಡ್ಡಗೀಟಿನ ಹರಳು ಬೆಣಚಿನಷ್ಟೇ ಇದ್ದರೆ, ಮೂರನೇ ಪುಟ ಅರ್ಥವಾಗಿಲ್ಲ ಎಂದರ್ಥ. ಆದರೆ ಒಂದೆರಡು ಇದ್ದರೆ ತಪ್ಪು ಹಾಕಬೇಡಿ. ಮೂಲ ಬಂಡೆಯ ಹತ್ತಿರವೇ ಬೇಗ ಹೂತುಹೋದ ಮರಳಿನಲ್ಲಿ ಫೆಲ್ಡ್‌ಸ್ಪಾರ್ ಉಳಿದಿರುತ್ತದೆ.

ಬೇರೆ ಜಿಲ್ಲೆಯವರಿಗೆ

ಪುಟಗಳ ಕ್ರಮ ಅದೇ ಇರಲಿ, ಬಂಡೆ ಬದಲಿಸಿ. ವಿಜಯಪುರ, ಬೆಳಗಾವಿಯ ಕಡೆಯವರಿಗೆ ಕಪ್ಪು ಬಸಾಲ್ಟ್ ಇದೆ, ಸುಮಾರು 6.6 ಕೋಟಿ ವರ್ಷದ ಹಿಂದೆ ಲಾವಾ ಹರಿದು ಬೇಗ ತಣಿದದ್ದು. ಹರಳು ಕಣ್ಣಿಗೆ ಕಾಣುವುದಿಲ್ಲ, ಆದ್ದರಿಂದ ಮೊದಲ ವೃತ್ತದಲ್ಲಿ ಬರೀ ನುಣ್ಣನೆಯ ಚುಕ್ಕಿ ತುಂಬಿ. ಅದರಲ್ಲಿ ಬೆಣಚಿನ ಕಾಳು ಸಿಗುವುದಿಲ್ಲ, ಕೊಳೆತರೆ ಹೆಚ್ಚಾಗಿ ಜೇಡಿಯೇ ಆಗುತ್ತದೆ. ಹಾಗಾಗಿ ನದಿಯ ಪಟ್ಟಿಯಲ್ಲಿ ಮರಳಿನ ಬದಲು ಕಪ್ಪು ಎರೆಮಣ್ಣು ಬರುತ್ತದೆ. ಕಲಬುರಗಿಯವರು ಶಹಾಬಾದ್ ಕಲ್ಲು ಹಿಡಿಯಬಹುದು. ಅಲ್ಲಿ ಶಿಥಿಲೀಕರಣ ಅಂದರೆ ಮುಖ್ಯವಾಗಿ ಕರಗಿ ಹೋಗುವುದು, ಘನದ ಲೆಕ್ಕ ಮಾತ್ರ ಹಾಗೇ ನಡೆಯುತ್ತದೆ.

ಕರಾವಳಿಯವರ ಮುರಕಲ್ಲು ಇನ್ನೂ ಬೇರೆ. ಜೋರು ಮಳೆ ಮತ್ತು ಬಿಸಿಯಲ್ಲಿ ಕಲ್ಲಿನ ಸಿಲಿಕಾ ತೊಳೆದುಹೋಗಿ ಕಬ್ಬಿಣ, ಅಲ್ಯುಮಿನಿಯಂ ಅಂಶ ಉಳಿದು ಆದದ್ದು ಅದು. ಅಲ್ಲಿ ಬಾವಿಯ ಗೋಡೆಯ ಚಿತ್ರವನ್ನೇ ಇಡೀ ಪುಟಕ್ಕೆ ಬರೆಯಿರಿ, ಮೇಲಿನ ಪದರಕ್ಕೆ ಮುರಕಲ್ಲು ಎಂದು ಹೆಸರು ಕೊಡಿ. ಮೂರು ಚೌಕಗಳಲ್ಲಿ ಮುರಕಲ್ಲು ಯಾವುದಕ್ಕೆ ಸೇರುತ್ತದೆ ಎಂದು ಯಾರಾದರೂ ಕೇಳೇ ಕೇಳುತ್ತಾರೆ. ಅದು ಮೂಲ ಬಂಡೆ ಮತ್ತು ಹೂಳಿನ ನಡುವಿನ ಬಾಣದ ಮೇಲೇ ನಿಂತಿರುವ ಕಲ್ಲು, ಅಲ್ಲೇ ಅದನ್ನು ಬರೆಯಿಸಿ.